ಫ್ರೀ ಸ್ಟೇಷನ್ ಲೆಕ್ಕ: 5 ಮಿ.ಮೀ. ವ್ಯತ್ಯಾಸದಲ್ಲಿ ಕಾಣುವುದು, ಕಾಣದಿರುವುದು

ಹುಬ್ಬಳ್ಳಿಯಿಂದ ಗದಗ ರಸ್ತೆ ಹಿಡಿದು ಹೊರಗೆ ಬಂದರೆ ಎರೆ ಹೊಲಗಳಲ್ಲಿ ಹೊಸ ಲೇಔಟ್‌ಗಳು ಸಿಗುತ್ತವೆ. ಅಲ್ಲಿ ಟೋಟಲ್ ಸ್ಟೇಷನ್ ಹಿಡಿದು ಹೋದವರಿಗೆ ಒಂದು ತೊಂದರೆ ಗೊತ್ತೇ ಇರುತ್ತದೆ. ಕಂಟ್ರೋಲ್ ಕಲ್ಲಿನ ಮೇಲೆ ಉಪಕರಣ ಇಡೋಣ ಅಂದರೆ ಪಕ್ಕದಲ್ಲೇ ಜಲ್ಲಿ ರಾಶಿ ಬಿದ್ದಿರುತ್ತದೆ, ಇಲ್ಲವೇ ಅಲ್ಲಿಂದ ಕೆಲಸದ ಜಾಗ ಕಾಣುವುದಿಲ್ಲ. ಆಗ ಅನುಕೂಲವಾದ ಕಡೆ ಟ್ರೈಪಾಡ್ ಹೂಡಿ, ಗೊತ್ತಿರುವ ಎರಡು ಕಲ್ಲುಗಳಿಗೆ ಕೋನ ಮತ್ತು ದೂರ ಅಳೆದು, ನಾವು ನಿಂತ ಜಾಗದ ಕೋಆರ್ಡಿನೇಟ್ ಪಡೆಯುತ್ತೇವೆ. ಇದೇ ಫ್ರೀ ಸ್ಟೇಷನ್. ಉಪಕರಣ ಎರಡು ಸೆಕೆಂಡಿನಲ್ಲಿ ಉತ್ತರ ಕೊಡುತ್ತದೆ. ಆದರೆ ಆ ಉತ್ತರ ಹೇಗೆ ಬಂತು ಅಂತ ಒಮ್ಮೆ ಕೈಯಲ್ಲಿ ಲೆಕ್ಕ ಮಾಡಿ ನೋಡಿದವರಿಗೆ ಮಾತ್ರ ಅದನ್ನು ಎಲ್ಲಿ ನಂಬಬಾರದು ಅನ್ನುವುದು ತಿಳಿಯುತ್ತದೆ.

ಸುಲಭದ ಅಂಕಿ ತೆಗೆದುಕೊಳ್ಳೋಣ. ಲೋಕಲ್ ಗ್ರಿಡ್‌ನಲ್ಲಿ A ಕಲ್ಲು: ಈಸ್ಟಿಂಗ್ 1000.000, ನಾರ್ದಿಂಗ್ 2000.000. B ಕಲ್ಲು: 1120.000, 2050.000. ಇವೆರಡರ ನಡುವಿನ ದೂರ 130.000 ಮೀಟರ್, A ಇಂದ B ಕಡೆಗೆ ಬೇರಿಂಗ್ 67°22′48″. ಎಲ್ಲೋ ಮಧ್ಯದಲ್ಲಿ ಉಪಕರಣ ಇಟ್ಟು A ಕಡೆಗೆ ಸೊನ್ನೆ ಮಾಡಿದೆವು. A ವರೆಗೆ ಸಮತಲ ದೂರ 89.447. B ಕಡೆ ತಿರುಗಿಸಿದಾಗ ಕೋನ 87°23′51″, ದೂರ 98.492.

ಮೊದಲು ನಾವು ನಿಂತ ಜಾಗವೇ (0, 0), A ಇರುವ ದಿಕ್ಕೇ y ಅಕ್ಷ ಅಂತ ಇಟ್ಟುಕೊಳ್ಳಿ. ಆಗ A (0, 89.447) ಆಗುತ್ತದೆ. B ಗೆ ದೂರವನ್ನು ಕೋನದ sin ಮತ್ತು cos ನಿಂದ ಗುಣಿಸಿದರೆ (98.390, 4.472). ಈ ಎರಡು ಬಿಂದುಗಳಿಂದ AB ದೂರ ತೆಗೆದರೆ 130.005 ಬರುತ್ತದೆ. ಕಲ್ಲುಗಳ ಕೋಆರ್ಡಿನೇಟ್ 130.000 ಅನ್ನುತ್ತಿದೆ. 5 ಮಿ.ಮೀ. ವ್ಯತ್ಯಾಸ. ಇದನ್ನು ಬರೆದಿಟ್ಟುಕೊಳ್ಳಿ, ಮುಂದಿನ ಮಾತೆಲ್ಲ ಇದರ ಸುತ್ತಲೇ.

ನಮ್ಮ ಈ ತಾತ್ಕಾಲಿಕ ಅಕ್ಷದಲ್ಲಿ AB ಬೇರಿಂಗ್ 130°48′56″. ನಿಜವಾದದ್ದು 67°22′48″. ಎರಡನೆಯದರಿಂದ ಮೊದಲನೆಯದನ್ನು ಕಳೆದು 360 ಕೂಡಿಸಿದರೆ ತಿರುವು θ = 296°33′53″ (ಸೆಕೆಂಡಿನ ದಶಮಾಂಶ ಬಿಟ್ಟಿದ್ದರಿಂದ ಒಂದು ಸೆಕೆಂಡ್ ಆಚೀಚೆ ಆಗಬಹುದು). A ಕಡೆಗಿನ ಬೇರಿಂಗ್ ಅಂದರೂ ಇದೇ. ಈಗ ಯಾವ ಬಿಂದುವನ್ನಾದರೂ ತಿರುಗಿಸುವ ಸೂತ್ರ:

```
dE = x·cosθ + y·sinθ
dN = y·cosθ − x·sinθ
```

ಇಲ್ಲಿ A ಒಂದನ್ನೇ ಹಿಡಿದು ಹಿಂದಕ್ಕೆ ಲೆಕ್ಕ ಹಾಕಬಹುದು, ಆದರೆ ಆಗ 5 ಮಿ.ಮೀ. ಪೂರ್ತಿ B ತಲೆಗೆ ಬರುತ್ತದೆ. ಅದಕ್ಕೇ AB ಯ ನಡುಬಿಂದು ಹಿಡಿಯುವುದು ವಾಸಿ. ನಮ್ಮ ಅಕ್ಷದಲ್ಲಿ ನಡುಬಿಂದು (49.195, 46.960). ತಿರುಗಿಸಿದರೆ (−20.002, 65.002). ಗ್ರಿಡ್‌ನಲ್ಲಿ ಅದೇ ನಡುಬಿಂದು (1060, 2025). ಕಳೆದರೆ ನಿಂತ ಜಾಗ ಸಿಕ್ಕಿತು: 1080.002, 1959.998.

ಹೊಸ ಬಿಂದು ಈಗ ಸುಲಭ. ಸೈಟಿನ ಮೂಲೆಗೆ ಕೋನ 151°12′40″, ದೂರ 62.350 ಬಂತು ಅನ್ನಿ. θ ಗೆ ಕೂಡಿಸಿ 360 ಕಳೆದರೆ ಬೇರಿಂಗ್ 87°46′33″. ದೂರಕ್ಕೆ ಅದರ sin ಹಾಕಿದರೆ 62.303, cos ಹಾಕಿದರೆ 2.420. ಮೂಲೆಯ ಕೋಆರ್ಡಿನೇಟ್ 1142.305, 1962.418. ಲೆಕ್ಕ ಇಷ್ಟೇ.

ಇನ್ನು ಆ 5 ಮಿ.ಮೀ. ವಿಷಯ. ಲೇಔಟ್ ಕೆಲಸಕ್ಕೆ ಅದು ತಲೆನೋವಲ್ಲ. ಪ್ರಿಸಂ ಕೋಲು ಚೂರು ಓರೆಯಾದರೂ ಅಷ್ಟು ಬರುತ್ತದೆ. ಆದರೆ ಅದರ ಜಾಗದಲ್ಲಿ 4 ಸೆಂ.ಮೀ. ಬಂದರೆ ಮೊದಲು ಪ್ರಿಸಂ ಕಾನ್‌ಸ್ಟಂಟ್ ನೋಡಿ. −30 ಮಿ.ಮೀ. ಹಾಕಬೇಕಾದ ಕಡೆ ಸೊನ್ನೆ ಇದ್ದರೆ ಎರಡೂ ದೂರ 30 ಮಿ.ಮೀ. ಜಾಸ್ತಿ ಬರುತ್ತವೆ, ಈ ಆಕಾರದಲ್ಲಿ AB ಸುಮಾರು 41 ಮಿ.ಮೀ. ಉದ್ದವಾಗುತ್ತದೆ.

6 ಸೆಂ.ಮೀ. ಮೀರಿ ಬಂದರೆ ಹುಬ್ಬಳ್ಳಿಯವರು ಇನ್ನೊಂದನ್ನು ನೆನೆಯಬೇಕು. ಕಲ್ಲುಗಳ ಕೋಆರ್ಡಿನೇಟ್ ಜಿಪಿಎಸ್‌ನಿಂದ ಯುಟಿಎಂನಲ್ಲಿ ಬಂದಿದೆಯೇ? ನಮ್ಮ ಯುಟಿಎಂ 43ನೇ ವಲಯದ ನಡುರೇಖೆ 75 ಡಿಗ್ರಿ ಪೂರ್ವ. ಹುಬ್ಬಳ್ಳಿ ಅದರ ಪಕ್ಕದಲ್ಲೇ ಇದೆ. ಆ ರೇಖೆಯ ಮೇಲೆ ಯುಟಿಎಂ ಎಲ್ಲ ದೂರವನ್ನೂ 0.9996 ರಿಂದ ಕುಗ್ಗಿಸುತ್ತದೆ. ನಾವು ಸಮುದ್ರ ಮಟ್ಟಕ್ಕಿಂತ 600 ಮೀಟರಿಗೂ ಮೇಲಿರುವುದರಿಂದ ಇನ್ನಷ್ಟು ಸೇರಿ, ಕಿಲೋಮೀಟರಿಗೆ ಅರ್ಧ ಮೀಟರಿನ ಹತ್ತಿರ ಹೋಗುತ್ತದೆ. 130 ಮೀಟರಿಗೆ 6 ಸೆಂ.ಮೀ. ಮೀರಿದ್ದು ಇದೇ. ಗುರುತು ಹಿಡಿಯುವುದು ಕಷ್ಟವಲ್ಲ: ಕಲ್ಲುಗಳ ನಡುವಿನ ದೂರ ದುಪ್ಪಟ್ಟಾದರೆ ಈ ವ್ಯತ್ಯಾಸವೂ ದುಪ್ಪಟ್ಟಾಗುತ್ತದೆ, ಪ್ರಿಸಂ ತಪ್ಪು ಹಾಗೆ ಬೆಳೆಯುವುದಿಲ್ಲ. ಸ್ಕೇಲ್ ಫ್ಯಾಕ್ಟರನ್ನು ಮೊದಲೇ ಉಪಕರಣಕ್ಕೆ ಕೊಟ್ಟು ಆಮೇಲೆ ಸ್ಟೇಷನ್ ಮಾಡಿ.

ಕೆಲವು ಉಪಕರಣಗಳು ಸ್ಕೇಲನ್ನು ತಾವೇ ಹುಡುಕಿಕೊಳ್ಳುತ್ತವೆ. ಎರಡೇ ಕಲ್ಲು ಇದ್ದಾಗ ಇದಕ್ಕೆ ಅವಕಾಶ ಕೊಡಲೇಬಾರದು ಅನ್ನುತ್ತೇನೆ. ಎರಡು ಕೋನ, ಎರಡು ದೂರ: ಒಟ್ಟು ನಾಲ್ಕು ಅಳತೆ. ಈಸ್ಟಿಂಗ್, ನಾರ್ದಿಂಗ್, ತಿರುವು, ಸ್ಕೇಲ್: ಹುಡುಕುವುದೂ ನಾಲ್ಕು. ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಕಲ್ಲು ಅರ್ಧ ಅಡಿ ಸರಿದಿದ್ದರೂ ಪರದೆಯ ಮೇಲೆ ತಪ್ಪು 0.000 ಅಂತಲೇ ಬರುತ್ತದೆ, ನೋಡಿ ಖುಷಿಪಡಬೇಕು ಅಷ್ಟೇ.

ಸ್ಕೇಲ್ ಕಟ್ಟಿಹಾಕಿದರೂ ಒಂದು ಕುರುಡು ಉಳಿಯುತ್ತದೆ. ಎರೆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು, ಆಳವಿಲ್ಲದ ಕಲ್ಲನ್ನು ಅಲ್ಲಾಡಿಸುತ್ತದೆ. ಏಪ್ರಿಲ್‌ನಲ್ಲಿ ಕಲ್ಲಿನ ಬುಡಕ್ಕೆ ಬಗ್ಗಿ ನೋಡಿ, ಸುತ್ತ ಬೆರಳು ತೂರುವಷ್ಟು ಬಿರುಕು ಇರುತ್ತದೆ. ಪ್ರಿಸಂ ಹಿಡಿದ ಹುಡುಗ "ಕಲ್ಲು ಅಲ್ಲೇ ಐತ್ರೀ ಸರ" ಅನ್ನುತ್ತಾನೆ. ಅವನ ಮಾತು ಸುಳ್ಳಲ್ಲ, ಆದರೆ 6 ಸೆಂ.ಮೀ. ಸರಿದದ್ದು ಕಣ್ಣಿಗೆ ಕಾಣುವುದಿಲ್ಲ. B ಕಲ್ಲು AB ಗೆರೆಗೆ ಅಡ್ಡವಾಗಿ 6 ಸೆಂ.ಮೀ. ಸರಿದರೆ AB ದೂರ ಒಂದು ಮಿ.ಮೀ. ಕೂಡ ಬದಲಾಗುವುದಿಲ್ಲ. ನಮ್ಮ ಪರೀಕ್ಷೆ ಪಾಸು. ತಿರುವು ಮಾತ್ರ 1′35″ ತಪ್ಪಿರುತ್ತದೆ. A ಇಂದ 147 ಮೀಟರ್ ದೂರದ ನಮ್ಮ ಸೈಟಿನ ಮೂಲೆ ಸುಮಾರು 7 ಸೆಂ.ಮೀ. ಪಕ್ಕಕ್ಕೆ ಬೀಳುತ್ತದೆ.

ಅದಕ್ಕೆ ಮೂರನೇ ಕಲ್ಲು ಬೇಕು, ಅದೂ AB ಗೆರೆಯಿಂದ ಚೆನ್ನಾಗಿ ಹೊರಗೆ. C ಕಲ್ಲು 1030, 2110 ರಲ್ಲಿದೆ, B ಅದರ ಕಡೆಗೆ ಸರಿದಿದೆ ಅನ್ನಿ. ಈಗ AB ಸರಿ, AC ಸರಿ, BC ಮಾತ್ರ 5 ಸೆಂ.ಮೀ. ಕಡಿಮೆ ಬರುತ್ತದೆ. ಅಲ್ಲಿಗೆ ತಪ್ಪು ಇದೆ ಅಂತ ಗೊತ್ತಾಯಿತು, ಆದರೆ ಸರಿದದ್ದು B ಯೋ C ಯೋ ಅನ್ನುವುದನ್ನು ಈ ಮೂರು ದೂರಗಳು ಹೇಳುವುದಿಲ್ಲ. C ತನ್ನ AC ಗೆರೆಗೆ ಅಡ್ಡವಾಗಿ ಸರಿದಿದ್ದರೂ ಇದೇ ಚಿತ್ರ ಬರುತ್ತಿತ್ತು. ಯಾವುದೆಂದು ಹಿಡಿಯಲು ನಾಲ್ಕನೆಯ ಬಿಂದು ಬೇಕು. ಕಂಟ್ರೋಲ್ ಕಲ್ಲೇ ಆಗಬೇಕೆಂದಿಲ್ಲ. ಹಿಂದಿನ ಸರ್ವೆಯಲ್ಲಿ ಅಳೆದಿಟ್ಟ, ಮಣ್ಣಿನ ಜೊತೆ ಅಲ್ಲಾಡದ ಮೋರಿ ಗೋಡೆಯ ಮೂಲೆಯೂ ನಡೆಯುತ್ತದೆ.