ಬೆವರುಸಾಲೆಗೆ ಪೌಡರ್ ಮದ್ದಲ್ಲ

ಕತ್ತು, ಬೆನ್ನು, ಎದೆಯ ತುಂಬ ಕೆಂಪು ಗುಳ್ಳೆ ಎದ್ದ ಮಗುವನ್ನು ಕರೆತಂದ ತಂದೆತಾಯಿ ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: "ದಿನಕ್ಕೆ ಮೂರು ಸಲ ಪೌಡರ್ ಹಾಕ್ತಿದ್ದೀವಿ ಡಾಕ್ಟ್ರೇ, ಆದ್ರೂ ಜಾಸ್ತಿ ಆಗ್ತಾನೇ ಇದೆ." ಎಷ್ಟೋ ಸಲ ಜಾಸ್ತಿಯಾಗಲು ಆ ಪೌಡರೂ ಒಂದು ಕಾರಣ.

ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಬೆವರು ಆರುವುದಿಲ್ಲ. ಸದಾ ಒದ್ದೆಯಾಗಿರುವ ಚರ್ಮದ ಮೇಲ್ಪದರ ಉಬ್ಬಿಕೊಂಡು ಬೆವರುನಾಳಗಳ ಬಾಯಿ ಮುಚ್ಚುತ್ತದೆ. ಹೊರಬರಲಾಗದ ಬೆವರು ಒಳಗೇ ಸೋರಿ ಸುತ್ತಲಿನ ಚರ್ಮವನ್ನು ಕೆರಳಿಸುತ್ತದೆ. ಮಗುವಿಗೆ ಆಗುವ ತುರಿಕೆ, ಚುಚ್ಚಿದಂಥ ಉರಿ ಅದರಿಂದಲೇ. ಚಿಕ್ಕ ಮಕ್ಕಳ ನಾಳಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲವಾದ್ದರಿಂದ ಬೇಗ ಮುಚ್ಚಿಕೊಳ್ಳುತ್ತವೆ.

ಎಂಟು ತಿಂಗಳ ಮಗುವೊಂದರ ಗದ್ದ ಎತ್ತಿ ನೋಡಿದರೆ ಕತ್ತಿನ ಮಡಿಕೆಯಲ್ಲಿ ಬೆವರು, ಪೌಡರ್ ಕಲಸಿಕೊಂಡು ಬಿಳಿ ಹಿಟ್ಟಿನಂತೆ ಮೆತ್ತಿತ್ತು. ಅದರಡಿ ಚರ್ಮ ಕೆಂಪಾಗಿತ್ತು. ಬೆನ್ನಿನ ಗುಳ್ಳೆಗಳು ಸಿಂಥೆಟಿಕ್ ಅಂಗಿ ಅಂಟಿಕೊಳ್ಳುವ ಜಾಗದಲ್ಲಷ್ಟೇ ಇದ್ದವು. ರಾತ್ರಿ ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಶೀಟ್ ಬೇರೆ. ಮದ್ದೇನೂ ಬರೆಯಲಿಲ್ಲ. ಮಡಿಕೆಯನ್ನು ನೀರಿನಿಂದ ಮೆಲ್ಲಗೆ ತೊಳೆದು ಪೌಡರ್ ನಿಲ್ಲಿಸಲು, ಸಡಿಲವಾದ ತೆಳು ಹತ್ತಿಬಟ್ಟೆ ಒಂದನ್ನೇ ಹಾಕಿ ಒದ್ದೆಯಾದ ಕೂಡಲೇ ಬದಲಿಸಲು, ಪ್ಲಾಸ್ಟಿಕ್ ತೆಗೆಯಲು ಹೇಳಿದೆ. ಎರಡು ಮೂರು ದಿನದಲ್ಲಿ ಗುಳ್ಳೆ ಬಾಡಿದವು.

ಸ್ನಾನದ ನೀರು ಮೊಣಕೈಗೆ ಬಿಸಿಯೆನಿಸಬಾರದು, ಕೊರೆಯಲೂಬಾರದು. ಐಸ್ ನೀರು ಬೇಡವೇ ಬೇಡ. ಐದು ಹತ್ತು ನಿಮಿಷ ಸಾಕು. ಸೆಕೆ ಹೆಚ್ಚಿದ್ದರೆ ದಿನಕ್ಕೆ ಎರಡು ಸಲವೂ ಮಾಡಿಸಬಹುದು, ಆದರೆ ಸೋಪು ಪ್ರತಿ ಸಲ ಬೇಕಿಲ್ಲ. ಟವೆಲ್‌ನಿಂದ ಉಜ್ಜಬೇಡಿ, ಒತ್ತಿ ನೀರು ಹೀರಿಸಿ, ಕತ್ತು, ಕಂಕುಳು, ತೊಡೆಸಂದು ಬಿಡಿಸಿ ಸ್ವಲ್ಪ ಹೊತ್ತು ಗಾಳಿಗೆ ಬಿಡಿ. ಜನ ಅವಸರದಲ್ಲಿ ಬಿಟ್ಟುಬಿಡುವ ಕೆಲಸ ಇದೇ.

ಟಾಲ್ಕಂ ಪುಡಿಯಾಗಲಿ ಜೋಳದ ಪಿಷ್ಟದ್ದಾಗಲಿ, ಹಾರುವ ಧೂಳು ಮಗುವಿನ ಶ್ವಾಸಕೋಶ ಸೇರಬಹುದು. ಮೆಂಥಾಲ್ ಇರುವ ಪುಡಿ ತಂಪೆನಿಸುತ್ತದೆ ಅಷ್ಟೇ, ಮೈಯನ್ನು ತಂಪು ಮಾಡುವುದಿಲ್ಲ. ನನಗೆ ನಿಜವಾಗಿ ಭಯವಾಗುವುದು ಕರ್ಪೂರ, ಬೋರಿಕ್ ಆಸಿಡ್ ಬೆರೆತವುಗಳ ಬಗ್ಗೆ. ಇವು ಕೆರಳಿದ ಚರ್ಮದ ಮೂಲಕ ರಕ್ತಕ್ಕಿಳಿದು ವಿಷವಾಗಬಲ್ಲವು; ಕರ್ಪೂರದಿಂದ ಎಳೆಮಕ್ಕಳಿಗೆ ಫಿಟ್ಸ್ ಕೂಡ ಬರಬಹುದು. ಡಬ್ಬಿಯ ಹಿಂದಿನ ಪಟ್ಟಿ ಓದಿ. ಎಣ್ಣೆ, ವ್ಯಾಸಲೀನ್, ದಪ್ಪ ಕ್ರೀಮುಗಳೂ ನಾಳ ಮುಚ್ಚುವುದರಿಂದ ಬೇಡ. ತುರಿಕೆ ಹೆಚ್ಚಿದ್ದರೆ ಕ್ಯಾಲಮೈನ್ ಲೋಷನ್ ತೆಳುವಾಗಿ ಹಚ್ಚಬಹುದು.

ಮಡಿಕೆಯೊಳಗೆ ಕಡುಗೆಂಪಾಗಿ ಒಸರುತ್ತಿದ್ದು ಅಂಚಿನಾಚೆ ಬಿಡಿ ಬಿಡಿ ಚುಕ್ಕೆಗಳಿದ್ದರೆ ಅದು ಹೆಚ್ಚಾಗಿ ಶಿಲೀಂಧ್ರದ ಸೋಂಕು, ಅದಕ್ಕೆ ಬೇರೆ ಮದ್ದು. ಕೀವು ತುಂಬಿದರೆ, ಊದಿಕೊಂಡು ಮುಟ್ಟಿದರೆ ನೋಯುತ್ತಿದ್ದರೆ, ಮೂರ್ನಾಲ್ಕು ದಿನವಾದರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರವಿದ್ದರೆ ಸೆಕೆಯ ಕಾವೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.