ಮೊದಲು ಎಫ್‌ಡಿ ಬಡ್ಡಿ ಕಳೆಯಿರಿ, ಆಮೇಲೆ ಭಾಗಿಸಿ

ಬರೀ ಲಾಭ ನೋಡಿ ಮ್ಯೂಚುವಲ್ ಫಂಡ್ ಆರಿಸಬಾರದು, ಆ ಲಾಭ ಸರಾಸರಿಯಿಂದ ಎಷ್ಟು ಮೇಲೆ ಕೆಳಗೆ ಆಡುತ್ತದೆ ಅನ್ನುವ ಏರಿಳಿತವನ್ನೂ ನೋಡಬೇಕು ಅನ್ನುವುದು ಈಗ ತುಂಬಾ ಜನರಿಗೆ ಗೊತ್ತು. ಸಂತೋಷ. ಆದರೆ ಲಾಭವನ್ನು ಏರಿಳಿತದಿಂದ ಭಾಗಿಸಿ ಲೆಕ್ಕ ಹಾಕುವಾಗ ಎಫ್‌ಡಿ ಬಡ್ಡಿ ಕಳೆಯುವ ಮೊದಲ ಹೆಜ್ಜೆಯನ್ನೇ ಹಾರಿಬಿಡುತ್ತಾರೆ. ಎಷ್ಟು ಸಲ ಹೇಳಿದರೂ ಅಷ್ಟೇ.

ರಾಶಿ ಅಡಿಕೆ ಮಾರಿದ ದುಡ್ಡು ಕೈಗೆ ಬಂದ ಮೇಲೆ ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು ನಮ್ಮ ಶಿವಮೊಗ್ಗದ ಆಫೀಸಿಗೆ ಬಂದಿದ್ದರು. ಮಂಡಿ ಚೀಟಿಯ ಹಿಂದೆ ಎರಡು ಫಂಡ್‌ಗಳ ಲೆಕ್ಕ ಬರೆದುಕೊಂಡಿದ್ದರು. ಮೂರು ವರ್ಷದಲ್ಲಿ ಮೊದಲನೆಯದರ ಸರಾಸರಿ ವಾರ್ಷಿಕ ಲಾಭ ಶೇ. 9, ಏರಿಳಿತ ಶೇ. 4. ಎರಡನೆಯದು ಶೇ. 15, ಏರಿಳಿತ ಶೇ. 12.

"ಒಂಬತ್ತನ್ನ ನಾಲ್ಕರಿಂದ ಭಾಗಿಸಿದ್ರೆ ಎರಡೂಕಾಲು. ಹದಿನೈದನ್ನ ಹನ್ನೆರಡರಿಂದ ಭಾಗಿಸಿದ್ರೆ ಒಂದೂಕಾಲು. ಮೊದಲನೇದೇ ಒಳ್ಳೇದಲ್ವಾ?" ಅಂದರು.

"ಅಲ್ಲ ಮಾರಾಯ್ರೆ, ಬ್ಯಾಂಕಲ್ಲಿ ಎಫ್‌ಡಿ ಮಾಡಿ ಸುಮ್ನೆ ಇಟ್ಟಿದ್ರೂ ಏಳು ಪರ್ಸೆಂಟ್ ಬರ್ತಿತ್ತಲ್ಲ, ಅದನ್ನ ಎಲ್ಲಿ ಕಳೆದ್ರಿ?" ಅಂದೆ.

ಇಡೀ ವಿಷಯ ಇರುವುದು ಇಲ್ಲೇ. ಏರಿಳಿತ ಸಹಿಸದೆಯೂ ಸಿಗುತ್ತಿದ್ದ ಶೇ. 7ಕ್ಕೆ ಫಂಡಿಗೆ ಶಹಬ್ಬಾಸ್ ಕೊಡುವಂತಿಲ್ಲ. ಅದರ ಮೇಲೆ ಬಂದದ್ದಷ್ಟೇ ರಿಸ್ಕಿನ ಗಳಿಕೆ. ಮೊದಲನೆಯದರಲ್ಲಿ ಅದು 2, ನಾಲ್ಕರಿಂದ ಭಾಗಿಸಿದರೆ 0.50. ಎರಡನೆಯದರಲ್ಲಿ 8, ಹನ್ನೆರಡರಿಂದ ಭಾಗಿಸಿದರೆ 0.67. ಕ್ರಮ ತಲೆಕೆಳಗಾಯಿತು. ಫಂಡ್ ಕಂಪನಿಗಳು ಪ್ರತಿ ತಿಂಗಳ ವರದಿಯಲ್ಲಿ ಕೊಡುವ ಶಾರ್ಪ್ ರೇಶಿಯೋ ಹಾಕುವ ಬಗೆಯೂ ಇದೇ. ವಿಲಿಯಂ ಶಾರ್ಪ್ 1966ರಲ್ಲಿ ಇದನ್ನು ಮುಂದಿಟ್ಟರು.

ಕಳೆಯುವುದು ಕಲಿತವರೂ ಇನ್ನೊಂದು ಕಡೆ ಎಡವುತ್ತಾರೆ. ಹಿಂದಿನ ವರ್ಷಗಳ ಲಾಭದಿಂದ ಇವತ್ತಿನ ಎಫ್‌ಡಿ ದರ ಕಳೆಯುತ್ತಾರೆ. ಇದೇ ಫಂಡ್‌ಗಳಿಗೆ ಶೇ. 6 ಕಳೆದು ನೋಡಿ: 3ನ್ನು 4ರಿಂದ ಭಾಗಿಸಿದರೂ 0.75, 9ನ್ನು 12ರಿಂದ ಭಾಗಿಸಿದರೂ 0.75. ಸಮ! ಶೇ. 5 ಕಳೆದರೆ ಮೊದಲನೆಯದು 1, ಎರಡನೆಯದು 0.83. ಎಫ್‌ಡಿ ದರ ಎರಡೇ ಪರ್ಸೆಂಟ್ ಬದಲಾದರೆ ಗೆದ್ದವರು ಸೋಲುತ್ತಾರೆ. ಇಂಥ ಬದಲಾವಣೆ ಕಲ್ಪನೆಯಲ್ಲ. ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ 2021ರಲ್ಲಿ ಶೇ. 4 ಇತ್ತು, 2023ರ ಫೆಬ್ರವರಿಗೆ ಶೇ. 6.5 ಆಯಿತು. ಎಫ್‌ಡಿ ದರವೂ ಅದರ ಹಿಂದೆಯೇ ಏರಿತು. ಹಾಗಾಗಿ ಲಾಭ ಯಾವ ಮೂರು ವರ್ಷದ್ದೋ ಎಫ್‌ಡಿ ದರವೂ ಆ ಮೂರು ವರ್ಷದ್ದೇ ಆಗಬೇಕು. ಹಿರಿಯ ನಾಗರಿಕರಿಗೆ ಸಿಗುವ ಹೆಚ್ಚುವರಿ ಬಡ್ಡಿಯನ್ನು ಒಂದು ಫಂಡಿಗೆ ಕಳೆಯುವ ದರದಲ್ಲಿ ಸೇರಿಸಿ, ಇನ್ನೊಂದಕ್ಕೆ ಬಿಡುವುದೂ ಬೇಡ. ಅದನ್ನೂ ನೋಡಿದ್ದೇನೆ!

ಏರಿಳಿತದ ಅಂಕಿ ತಿಂಗಳಿನದೋ ವರ್ಷದ್ದೋ ಅಂತಲೂ ನೋಡಿಕೊಳ್ಳಿ. ತಿಂಗಳಿನದಾದರೆ ಸುಮಾರು 3.46ರಿಂದ, ಅಂದರೆ 12ರ ವರ್ಗಮೂಲದಿಂದ, ಗುಣಿಸಬೇಕು. ವರ್ಷದ ಲಾಭವನ್ನು ತಿಂಗಳ ಏರಿಳಿತದಿಂದ ಭಾಗಿಸಿದರೆ ಯಾವ ಫಂಡ್ ಆದರೂ ಚಿನ್ನದ ಹಾಗೆ ಹೊಳೆಯುತ್ತದೆ.

ನಮ್ಮ ಹಿರಿಯರು ಕೂಡಲೇ "ಹಾಗಾದ್ರೆ ಎಲ್ಲಾ ಎರಡನೇದಕ್ಕೇ ಹಾಕಿ" ಅಂದರು. ಬೇಡ ಅಂದೆ. ಬರೀ 36 ತಿಂಗಳ ಅಂಕಿಯಲ್ಲಿ 0.50ಕ್ಕೂ 0.67ಕ್ಕೂ ನಡುವಿನ ಅಂತರ ಕಾಕತಾಳೀಯವೂ ಇರಬಹುದು. ಮೇಲಾಗಿ ಮಳೆಗಾಲದ ಬೋರ್ಡೋ ಸಿಂಪಡಣೆಗೆ, ಕೊನೆಗಾರರ ಕೂಲಿಗೆ ಬೇಕಾಗುವ ದುಡ್ಡಿಗೆ ಶೇ. 12 ಏರಿಳಿತದ ಫಂಡ್ ಸರಿಯಾದ ಜಾಗವಲ್ಲ. ಅಷ್ಟನ್ನು ಎಫ್‌ಡಿಯಲ್ಲೇ ಇಡಿಸಿದೆ.