ಓದುಗರ ಪ್ರಶ್ನೆ: ಕಾಣುವ ವಿಳಾಸ ಒಂದು, ಒತ್ತಿದರೆ ಇನ್ನೊಂದು. ಯಾಕೆ?

“ನಿಮ್ಮ ಅಡಿಕೆ ಧಾರಣೆಯ ಮೇಲ್‌ನಲ್ಲಿ ಕಾಣುವ ವಿಳಾಸವೇ ಬೇರೆ, ಅದರ ಮೇಲೆ ಮೌಸ್ ಇಟ್ಟರೆ ತೋರುವ ವಿಳಾಸವೇ ಬೇರೆ. ‘ಇದು ವಂಚನೆ ಇರಬಹುದು’ ಎಂಬ ಎಚ್ಚರಿಕೆಯೂ ಬಂತು. ನಿಮ್ಮ ಮೇಲ್ ಹ್ಯಾಕ್ ಆಗಿದೆಯೇ?”

ಆಗಿಲ್ಲ. ಶಿರಸಿಯಲ್ಲಿ ಕೂತು ವಾರಕ್ಕೊಂದು ನ್ಯೂಸ್‌ಲೆಟರ್ ಕಳಿಸುವ ನನಗೆ ಈ ಪ್ರಶ್ನೆ ಎಷ್ಟು ಸಲ ಬಂದಿದೆ ಎಂದು ಎಣಿಸುವುದನ್ನೇ ಬಿಟ್ಟಿದ್ದೇನೆ.

ಒಂದೇ ಸಲ ನೂರಾರು ಜನರಿಗೆ ಮೇಲ್ ಕಳಿಸಲು ಒಂದು ಸೇವೆಯನ್ನು ಬಳಸುತ್ತೇನೆ. ಯಾವ ಸುದ್ದಿಯನ್ನು ಎಷ್ಟು ಜನ ತೆರೆದರು ಎಂದು ಅದು ನನಗೆ ಲೆಕ್ಕ ಕೊಡಬೇಕು. ಆದರೆ ನೀವು ನೇರವಾಗಿ ಧಾರಣೆಯ ಪುಟಕ್ಕೆ ಹೋಗಿಬಿಟ್ಟರೆ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಮೇಲ್ ಹೊರಡುವ ಮೊದಲೇ ಪ್ರತಿ ಲಿಂಕನ್ನೂ ತನ್ನ ಸರ್ವರಿನ ವಿಳಾಸಕ್ಕೆ ಬದಲಿಸಿಕೊಳ್ಳುತ್ತದೆ. ನೀವು ಒತ್ತಿದಾಗ ಮೊದಲು ಅಲ್ಲಿಗೆ ಹೋಗುತ್ತೀರಿ. ಅದು ಬರೆದುಕೊಂಡು, 302 ಎಂಬ ಉತ್ತರದ ಜೊತೆ ನಿಜವಾದ ವಿಳಾಸ ಕೊಟ್ಟು ನಿಮ್ಮನ್ನು ಮುಂದಕ್ಕೆ ದಾಟಿಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ.

ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ. ಒಪ್ಪದೇ ಇರುವುದು ಮುಂದಿನದನ್ನು. ಕುಮಟೆಯ ನಿವೃತ್ತ ಮಾಸ್ತರೊಬ್ಬರು ಫೋನಿನಲ್ಲಿ ಅರ್ಧ ಗಂಟೆ ವಾದಿಸಿದರು: “ತಮ್ಮಾ, ನೀಲಿ ಅಕ್ಷರದಲ್ಲಿ ವಿಳಾಸ ಬರೆದದ್ದು ಕಣ್ಣೆದುರೇ ಇದೆ. ಒತ್ತಿದರೆ ಅಲ್ಲಿಗೇ ಹೋಗಬೇಕಲ್ಲ?”

ಹೋಗಬೇಕಿಲ್ಲ, ಮಾಸ್ತರೇ. ನೀಲಿ ಅಕ್ಷರ ಬಸ್ಸಿನ ಬೋರ್ಡು ಇದ್ದ ಹಾಗೆ. ಗೋಕರ್ಣ ಎಂದು ಬೋರ್ಡು ಹಾಕಿಕೊಂಡು ಅಂಕೋಲೆಗೆ ಹೊರಟರೆ ಬಸ್ಸನ್ನು ಬೋರ್ಡು ತಡೆಯುವುದಿಲ್ಲ. ಮೇಲ್‌ನ ಒಳಗೆ ಇರುವುದು ಹೀಗೆ:

```
<a href="https://click.example.net/7kq2/48f1">www.example.org/dharane</a>
```

`href` ಎಂಬಲ್ಲಿ ಇರುವುದೇ ಹೋಗುವ ದಾರಿ. ಈ ಉದಾಹರಣೆಯಲ್ಲಿ `7kq2` ಎಂದರೆ ನೀವು, `48f1` ಎಂದರೆ ಧಾರಣೆಯ ಲಿಂಕು. ಆಮೇಲೆ ಬರುವ `www.example.org/dharane` ಬರೀ ಬರಹ. ಅಲ್ಲಿ “ಇಲ್ಲಿ ಓದಿ” ಎಂದೂ ಬರೆಯಬಹುದು, ನಿಮ್ಮ ಬ್ಯಾಂಕಿನ ವಿಳಾಸವನ್ನೂ ಬರೆಯಬಹುದು. ಎರಡೂ ತಾಳೆಯಾಗಲೇಬೇಕು ಎಂಬ ನಿಯಮ ಎಲ್ಲೂ ಇಲ್ಲ.

ವಂಚಕರು ಹಿಡಿದುಕೊಂಡದ್ದು ಇದನ್ನೇ: ಬೋರ್ಡು ಬ್ಯಾಂಕಿನದು, ದಾರಿ ಅವರ ನಕಲಿ ಪುಟದ್ದು. ಹಾಗಾಗಿ ಥಂಡರ್‌ಬರ್ಡ್‌ನಂಥ ಮೇಲ್ ತಂತ್ರಾಂಶ ಬರಹದಲ್ಲಿ ವಿಳಾಸ ಕಂಡರೆ ಅದನ್ನು `href` ಜೊತೆ ಹೋಲಿಸಿ ನೋಡುತ್ತದೆ. ಡೊಮೇನ್ ಬೇರೆಯಾದರೆ ಎಚ್ಚರಿಕೆ ತೋರಿಸುತ್ತದೆ. ನನ್ನ ಉದ್ದೇಶ ಲೆಕ್ಕ ಇಡುವುದು, ವಂಚಕನದ್ದು ಪಾಸ್‌ವರ್ಡ್ ಕದಿಯುವುದು. ಆದರೆ ಆ ಒಂದು ಸಾಲಿನಲ್ಲಿ ಇಬ್ಬರೂ ಒಂದೇ ತರ ಕಾಣುತ್ತೇವೆ.

ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಮೇಲ್ ಬರೆಯುವಾಗ ಪೂರ್ತಿ ವಿಳಾಸವನ್ನೇ ಅಂಟಿಸಿದ್ದೆ. ಸೇವೆಯವರು `href` ಬದಲಿಸಿದರು, ಬರಹ ಹಾಗೇ ಉಳಿಯಿತು. ಈಗ “ಈ ವಾರದ ರಾಶಿ, ಚಾಲಿ ಧಾರಣೆ” ಎಂದು ಮಾತಿನಲ್ಲೇ ಬರೆಯುತ್ತೇನೆ. ಬರಹದಲ್ಲಿ ವಿಳಾಸವೇ ಇಲ್ಲದ ಮೇಲೆ ಹೋಲಿಸಲು ಏನೂ ಇರುವುದಿಲ್ಲ. ಜೊತೆಗೆ ನಮ್ಮದೇ ಡೊಮೇನಿನಲ್ಲಿ `links.example.org` ಎಂಬ ಹೆಸರು ಮಾಡಿ, CNAME ದಾಖಲೆಯಿಂದ ಅದನ್ನು ಸೇವೆಯ ಸರ್ವರಿಗೆ ಜೋಡಿಸಿದೆ. ಸೇವೆಯ ಸಾಮಾನ್ಯ ಲಿಂಕ್ ಡೊಮೇನನ್ನು ಯಾರ್‍ಯಾರೋ ಬಳಸುತ್ತಾರೆ. ಅವರಲ್ಲೊಬ್ಬ ಸ್ಪ್ಯಾಮ್ ಕಳಿಸಿದರೆ ಕೆಟ್ಟ ಹೆಸರು ನನಗೂ ತಟ್ಟುತ್ತದೆ. ಲೆಕ್ಕವೇ ಬೇಡ ಎಂದು ಟ್ರ್ಯಾಕಿಂಗ್ ನಿಲ್ಲಿಸಿಬಿಡುವ ದಾರಿಯೂ ಇದೆ, ಚಿಕ್ಕ ಪತ್ರಗಳಿಗೆ ಅದೇ ವಾಸಿ.

“ಹಾಗಾದರೆ ಮೌಸ್ ಇಟ್ಟು ನೋಡಿದರೆ ಸತ್ಯ ಗೊತ್ತಾಗುತ್ತದೆ” ಎಂದು ಮಾಸ್ತರು ತೀರ್ಪು ಕೊಟ್ಟರು. ಅದೂ ಅರ್ಧವೇ. ಮೌಸ್ ಇಟ್ಟಾಗ, ಫೋನಿನಲ್ಲಾದರೆ ಒತ್ತಿ ಹಿಡಿದಾಗ, ಕಾಣುವುದು ಮೊದಲ ನಿಲ್ದಾಣ ಮಾತ್ರ. ಅಲ್ಲಿಂದ ಎಲ್ಲಿಗೆ ಕಳಿಸುತ್ತಾರೆ ಎಂಬುದು ಆ ಸರ್ವರಿಗಷ್ಟೇ ಗೊತ್ತು. ಧಾರಣೆ ಓದಲು ಇಷ್ಟು ಸಾಕು. ದುಡ್ಡು, ಪಾಸ್‌ವರ್ಡ್ ಕೇಳುವ ಮೇಲ್ ಆದರೆ ಲಿಂಕನ್ನು ಮುಟ್ಟದೆ ಬ್ಯಾಂಕಿನ ವಿಳಾಸವನ್ನು ನೀವೇ ಟೈಪ್ ಮಾಡಿ.

ಇನ್ನೊಂದು, ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಆ `7kq2` ನಿಮ್ಮ ಗುರುತು, ಮೇಲ್ ಫಾರ್ವರ್ಡ್ ಮಾಡಿದರೂ ಅಂಟಿಕೊಂಡೇ ಇರುತ್ತದೆ. ಕಾರವಾರದ ನಮ್ಮ ಅತ್ತೆ ಒಂದು ಸಂಚಿಕೆಯನ್ನು ನೆಂಟರಿಗೆಲ್ಲ ಕಳಿಸಿದ್ದಳು. ಅವರು ಒತ್ತಿದ ಪ್ರತಿ ಲಿಂಕೂ ನನ್ನ ಲೆಕ್ಕದಲ್ಲಿ ಅವಳ ಹೆಸರಿಗೇ ಬಿತ್ತು. ಅಡಿಕೆ ಮರವೇ ಇಲ್ಲದ ಅತ್ತೆಗೆ ಚಾಲಿ ಮೇಲೆ ಇಷ್ಟು ಮೋಹ ಯಾವಾಗ ಬಂತು ಎಂದು ಬೆರಗಾಗಿದ್ದೆ. ಆಮೇಲೆ ನೆಂಟರಲ್ಲೊಬ್ಬರು “ನನಗೆ ಈ ಮೇಲ್ ಬೇಡ” ಎಂದು ಕೊನೆಯ ಸಾಲಿನ ಲಿಂಕ್ ಒತ್ತಿದರು. ಅದೂ ಅತ್ತೆಯ ಗುರುತಿನದೇ. ಪಟ್ಟಿಯಿಂದ ಹೊರಬಿದ್ದವಳು ಅತ್ತೆ. ಎರಡು ವಾರ ಕಾದು, “ನನಗ್ಯಾಕೋ ಕಳಿಸುವುದು ಬಿಟ್ಟೆ?” ಎಂದು ಫೋನು ಮಾಡಿ ಬೈದ ಮೇಲೆಯೇ ನನಗೆ ಗೊತ್ತಾದದ್ದು.